ರಾಜೀನಾಮೆಗೆ ಮುನ್ನ ಹನ್ನೆರಡು ಸೀರೆಗಳು

ನನ್ನ ಮನೆಯ ಟ್ರಂಕಿನಲ್ಲಿ ಒಂದು ರಾಜೀನಾಮೆ ಪತ್ರವಿದೆ. ಅದನ್ನು ಬರೆದು ಒಂದು ವರ್ಷ ಸಮೀಪಿಸುತ್ತಿದೆ. ಅದು ಇನ್ನೂ ಅಲ್ಲಿಯೇ ಏಕೆ ಉಳಿದಿದೆ ಎಂಬುದನ್ನು ಹೇಳುವುದಕ್ಕಾಗಿ ಈ ಲೇಖನ.

ನಾನು ಹುನಗುಂದದ ನಿವಾಸಿ. ಇಳಕಲ್ಲಿನ ಒಂದು ಖಾಸಗಿ ಸಂಸ್ಥೆಯಲ್ಲಿ ಲೆಕ್ಕ ಬರೆಯುವ ಕೆಲಸ ಮಾಡುತ್ತೇನೆ. ಇಳಕಲ್ಲಿನಲ್ಲಿ ಹಗಲು ಕಳೆಯುವವನ ಕಿವಿಗೆ ಮಗ್ಗದ ಸದ್ದು ಬೀಳದೆ ಇರದು. ಈ ಸೀರೆಗಳನ್ನು ನೇಕಾರರಿಂದ ನೇರವಾಗಿ ಕೊಂಡು ಬಾಗಲಕೋಟೆಯ ನವನಗರದ ಉದ್ಯೋಗಸ್ಥ ಮಹಿಳೆಯರಿಗೆ ಮಾರಿದರೆ, ಸಂಬಳಕ್ಕಿಂತ ಹೆಚ್ಚಿನ ಹಲಾಲ್ ಸಂಪಾದನೆ ಆಗಬಹುದೆಂಬ ಆಲೋಚನೆ ನನ್ನಲ್ಲಿ ಬೇರೂರಿತು. ಒಂದು ರಾತ್ರಿ ಉತ್ಸಾಹದಲ್ಲಿ ರಾಜೀನಾಮೆಯನ್ನೂ ಬರೆದುಬಿಟ್ಟೆ.

ಅದನ್ನು ಓದಿದ ಅಮ್ಮಿ ಏನೂ ಹೇಳಲಿಲ್ಲ. ತನ್ನ ಬರಿಗೈಗಳನ್ನು ಒಮ್ಮೆ ನೋಡಿಕೊಂಡಳು, ಅಷ್ಟೆ. ಆ ನೋಟದ ಅರ್ಥ ನನಗೆ ಗೊತ್ತಿತ್ತು. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳು ಮುಳುಗಡೆಯಾದಾಗ ಅಬ್ಬಾ ಕೆಲಸ ಬಿಟ್ಟು, ಪರಿಹಾರದ ಹಣವನ್ನೆಲ್ಲ ಸುರಿದು, ನವನಗರದಲ್ಲಿ ಬಟ್ಟೆಯಂಗಡಿ ತೆರೆದಿದ್ದರು. ಅಂಗಡಿ ಮೊದಲು ಬಂತು, ಜನವಸತಿ ಆಮೇಲೆ ಬಂತು. ನಡುವಿನ ಎರಡು ವರ್ಷ ಬಾಡಿಗೆ ಕಟ್ಟಲು ಅಮ್ಮಿಯ ಬಳೆಗಳು ಹೋದವು. ಅಬ್ಬಾ ಸೋಮಾರಿಯಾಗಿರಲಿಲ್ಲ, ಮೋಸಗಾರರೂ ಆಗಿರಲಿಲ್ಲ. ಗಿರಾಕಿ ಇದ್ದಾನೆಯೇ ಎಂದು ಸಣ್ಣದಾಗಿ ಪರೀಕ್ಷಿಸದೆ ಇದ್ದುದೆಲ್ಲವನ್ನೂ ಒಂದೇ ಸಲ ಹೂಡಿದರು. ಅವರ ತಪ್ಪು ಅಷ್ಟೇ.

ಪತ್ರವನ್ನು ಟ್ರಂಕಿನಲ್ಲಿಟ್ಟು, ಮೊದಲಿಗೆ ಮನೆಯ ಲೆಕ್ಕಕ್ಕೆ ಕುಳಿತೆ. ಬಾಡಿಗೆ 3,500, ದಿನಸಿ ಮತ್ತು ಹಾಲಿಗೆ 6,000, ಮಕ್ಕಳ ಶಾಲೆಗೆ 1,500, ಗ್ಯಾಸು ಮತ್ತು ವಿದ್ಯುತ್ತಿಗೆ 1,200, ಅಮ್ಮಿಯ ಔಷಧಿಗೆ 1,200, ಓಡಾಟ ಮತ್ತು ಇತರೆ 2,000. ಒಟ್ಟು ತಿಂಗಳಿಗೆ 15,400 ರೂಪಾಯಿ. ಇದರ ಆರು ಪಟ್ಟು, ಅಂದರೆ 92,400 ರೂಪಾಯಿಯನ್ನು ಬೇರೆ ಖಾತೆಯಲ್ಲಿಟ್ಟು, ವ್ಯಾಪಾರಕ್ಕಾಗಿ ಅದನ್ನು ಮುಟ್ಟುವುದಿಲ್ಲವೆಂದು ಮನೆಯವರೆದುರು ಮಾತು ಕೊಟ್ಟೆ. ಸುಭಿಕ್ಷದ ವರ್ಷಗಳ ಫಸಲಿನಲ್ಲಿ ತಿನ್ನುವಷ್ಟನ್ನು ಮಾತ್ರ ತೆಗೆದು ಉಳಿದುದನ್ನು ತೆನೆಯಲ್ಲಿಯೇ ಬಿಡಲು ಪ್ರವಾದಿ ಯೂಸುಫ್(ಅ) ಸೂಚಿಸಿದ ವೃತ್ತಾಂತವನ್ನು ನಾವೆಲ್ಲ ಓದಿದ್ದೇವೆ. ಈ ಹಣ ನನ್ನ ಪಾಲಿನ ತೆನೆ. ನಿಸಾಬ್ ತಲುಪಿ ಚಾಂದ್ರಮಾನ ವರ್ಷ ಕಳೆದರೆ ಇದರ ಮೇಲೂ ನೂರಕ್ಕೆ ಎರಡೂವರೆಯಂತೆ ಝಕಾತ್ ಕೊಡಬೇಕಾದುದರಿಂದ, ಆ ಕೊರತೆಯನ್ನು ಪ್ರತಿವರ್ಷ ತುಂಬಿಡಬೇಕೆಂಬುದನ್ನೂ ಬರೆದಿಟ್ಟೆ.

ಇದನ್ನು ಬಿಟ್ಟು ನನ್ನ ಕೈಯಲ್ಲಿ ಉಳಿದದ್ದು 20,000 ರೂಪಾಯಿ. ಪೂರ್ತಿ ಮುಳುಗಿದರೂ ಮನೆಯ ಒಲೆ ಆರದ ಹಣವಿದು. ಪರೀಕ್ಷೆಗೆ ಇದಿಷ್ಟೇ ಸಾಕೆಂದು ತೀರ್ಮಾನಿಸಿದೆ.

ಅದಕ್ಕೂ ಮುನ್ನ ಒಂದು ಬಾಧ್ಯತೆ ಇತ್ತು. ಲಿಖಿತ ಅನುಮತಿಯಿಲ್ಲದೆ ಬೇರೆ ಉದ್ಯೋಗ ಕೈಗೊಳ್ಳಬಾರದೆಂಬ ಷರತ್ತು ನನ್ನ ನೇಮಕಾತಿ ಪತ್ರದಲ್ಲಿತ್ತು. ಆದ್ದರಿಂದ ಮಾಲೀಕರಿಗೆ ಅರ್ಜಿ ಕೊಟ್ಟೆ. ಸಂಜೆ ಮತ್ತು ಭಾನುವಾರ ಮಾತ್ರ ಮಾಡುವುದಾದರೆ ಅಡ್ಡಿಯಿಲ್ಲವೆಂದು ಅವರು ಬರೆದುಕೊಟ್ಟರು. ಸಂಬಳ ಪಡೆಯುವ ಗಂಟೆಗಳು ಇನ್ನೊಬ್ಬರ ಅಮಾನತ್ತು. ಆ ಗಂಟೆಗಳಲ್ಲಿ ಸೀರೆಯ ಫೋನು ಎತ್ತಬಾರದೆಂಬುದು ನನ್ನ ಮೊದಲ ನಿಯಮವಾಯಿತು.

ಇಳಕಲ್ಲಿನ ಒಬ್ಬ ಹಿರಿಯ ನೇಕಾರರ ಬಳಿ ಹನ್ನೆರಡು ಸೀರೆ ಕೇಳಿದೆ. "ಒಯ್ಯ್ರಿ ಸಾಹೇಬ್ರ, ಮಾರಿದ ಮ್ಯಾಲೆ ರೊಕ್ಕಾ ಕೊಡ್ರಿ" ಎಂದರು. ನಾನು ಉದ್ರಿ ಬೇಡವೆಂದೆ. ರೋಖ ಕೊಟ್ಟದ್ದಕ್ಕೆ ಸೀರೆಗೆ 50 ರೂಪಾಯಿ ಇಳಿದು 1,150ಕ್ಕೆ ಬಂತು. ಆದರೆ ಅದಕ್ಕಿಂತ ದೊಡ್ಡ ಲಾಭ ಇನ್ನೊಂದು ಒಪ್ಪಂದದಲ್ಲಿತ್ತು. ಒಂದು ತಿಂಗಳೊಳಗೆ ಮಾರದೆ ಉಳಿದ, ಮಡಿಕೆ ಕೆಡದ ಸೀರೆಗಳನ್ನು ಬದಲಿಸಿಕೊಡಲು ಅವರು ಒಪ್ಪಿದರು. ಹೀಗಾಗಿ ಯಾವ ಬಣ್ಣ, ಯಾವ ದಡಿ ಓಡುತ್ತದೆಂದು ತಿಳಿಯದ ನನ್ನ ಅಜ್ಞಾನದ ಬೆಲೆ ಬಹಳ ಕಡಿಮೆಯಾಯಿತು.

ಸರಕನ್ನು ಗುರುತಿಸುವುದನ್ನೂ ಅವರೇ ಕಲಿಸಿದರು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕುಣಿಕೆ ಕುಣಿಕೆಯಾಗಿ ಹೆಣೆದು ಜೋಡಿಸುತ್ತಾರೆ. ತೋಪು ತೆನಿ ಎಂದು ಕರೆಯುವ ಈ ಜೋಡಣೆಯ ಸಾಲನ್ನು ಒಡಲು ಮತ್ತು ಸೆರಗು ಕೂಡುವಲ್ಲಿ ಕಾಣಬಹುದು. ರೇಷ್ಮೆಯ ಎಳೆಯನ್ನು ಸುಟ್ಟರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ. ಮರದ ತಿರುಳಿನಿಂದ ಮಾಡಿದ ಕೃತಕ ರೇಷ್ಮೆಯ ಎಳೆ ಕಾಗದದಂತೆ ಉರಿಯುತ್ತದೆ. ನಾನು ತಂದವು ಹತ್ತಿ ಮತ್ತು ಕೃತಕ ರೇಷ್ಮೆಯವು. ಪ್ರತಿ ಸೀರೆಯ ಚೀಟಿಯ ಮೇಲೆ ಅದನ್ನೇ ಬರೆದೆ. ಧಾನ್ಯದ ರಾಶಿಯೊಳಗೆ ಕೈಯಿಟ್ಟು ಒಳಗಿನ ಒದ್ದೆಯನ್ನು ಕಂಡ ಪ್ರವಾದಿ(ಸ)ರು, ಅದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ವ್ಯಾಪಾರಿಯನ್ನು ಕೇಳಿದ ಘಟನೆ ಬಲ್ಲವನು ಹೀಗೆ ಬರೆಯದೆ ಇರಲಾರ.

ಬನಶಂಕರಿ ಜಾತ್ರೆ ಮುಗಿದು ಮದುವೆಗಳ ಮಾತುಕತೆ ಆರಂಭವಾಗಿದ್ದ ದಿನಗಳವು. ಮೂರು ವಾರಗಳಲ್ಲಿ ಒಂಬತ್ತು ಸೀರೆಗಳು ತಲಾ 1,500ರಂತೆ ಮಾರಿದವು. ಕಾಗದದ ಮೇಲೆ 3,150 ರೂಪಾಯಿ ಲಾಭ. ಟ್ರಂಕಿನ ಪತ್ರ ನನ್ನನ್ನು ಕರೆಯತೊಡಗಿತು.

ಆಗ ನನ್ನ ಬೀಬಿ ನೋಟುಪುಸ್ತಕ ಎಳೆದುಕೊಂಡು, "ಒಂಬತ್ತರಲ್ಲಿ ನಿಮ್ಮ ಪರಿಚಯವೇ ಇಲ್ಲದವರು ಎಷ್ಟು ಜನ?" ಎಂದು ಕೇಳಿದಳು. ಮೂವರು ನಮ್ಮ ಬಂಧುಗಳಾಗಿದ್ದರು. ಅವರು ಕೊಂಡದ್ದು ಸೀರೆಯನ್ನಲ್ಲ, ನನ್ನ ಮೇಲಿನ ಪ್ರೀತಿಯನ್ನು. ಅಂತಹವರು ಎರಡನೆಯ ಸಲ ಬರುವುದಿಲ್ಲ. ಉಳಿದವರು ಆರೇ ಜನ. ಇನ್ನು ಹಣದ ಮಾತು. ಐದು ಸೀರೆಗಳು ರೋಖಕ್ಕೆ ಹೋಗಿದ್ದವು, ನಾಲ್ಕು ಉದ್ರಿ. ಆ ನಾಲ್ಕರಲ್ಲಿ ಎರಡರ ಹಣ ಸಂಬಳದ ದಿನ ಬಂತು, ಒಂದರದು ನಲವತ್ತು ದಿನಗಳ ನಂತರ, ಕೊನೆಯದು ಎಪ್ಪತ್ತೈದನೆಯ ದಿನ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಸೂರಃ ಅಲ್ ಬಕರಃದ 282ನೇ ವಚನ ಆದೇಶಿಸುತ್ತದೆ. ಹಾಗೆ ತಾರೀಖು ಸಹಿತ ಬರೆದಿಟ್ಟಿರದಿದ್ದರೆ ಕೊನೆಯ ಹಣ ಬರುತ್ತಲೂ ಇರಲಿಲ್ಲ, ಹಣ ತಿರುಗಿ ಬರಲು ಎಷ್ಟು ದಿನ ಬೇಕೆಂಬುದು ನನಗೆ ತಿಳಿಯುತ್ತಲೂ ಇರಲಿಲ್ಲ. ಬಸ್ಸು ಮತ್ತು ಚೀಲದ ಖರ್ಚು 720 ಕಳೆದರೆ ಸೀರೆಯೊಂದಕ್ಕೆ ನಿಜವಾಗಿ ಉಳಿದದ್ದು 270 ರೂಪಾಯಿ.

ಅಂದು ಮೊದಲ ಬಾರಿಗೆ ಮನೆಯ ಖರ್ಚನ್ನು ಸೀರೆಗಳಲ್ಲಿ ಎಣಿಸಿದೆ. 15,400ನ್ನು 270ರಿಂದ ಭಾಗಿಸಿದರೆ ತಿಂಗಳಿಗೆ ಐವತ್ತೇಳು ಸೀರೆಗಳಾಗುತ್ತವೆ. ನಾನು ಮಾರಿದ್ದು ಒಂಬತ್ತು.

ಎರಡನೆಯ ಸುತ್ತನ್ನು ಬೇಕೆಂದೇ ಆಷಾಢದಲ್ಲಿ ಇಟ್ಟುಕೊಂಡೆ. ನಮ್ಮ ನೆರೆಹೊರೆಯ ಹಿಂದೂ ಬಾಂಧವರಲ್ಲಿ ಆ ತಿಂಗಳು ಮದುವೆಗಳಿರುವುದಿಲ್ಲ. ಇಡೀ ತಿಂಗಳಿಗೆ ಮೂರು ಸೀರೆ ಹೋದವು. ಓಡಾಟದ ಖರ್ಚು ಕಳೆದು 490 ರೂಪಾಯಿ ಉಳಿಯಿತು. ಜಾತ್ರೆಯ ಹಂಗಾಮನ್ನು ನೋಡಿ ರಾಜೀನಾಮೆ ಕೊಟ್ಟಿದ್ದರೆ ಆ 490ರಲ್ಲಿ ಐದು ಜನ ಉಣ್ಣಬೇಕಾಗಿತ್ತು. ಒಳ್ಳೆಯ ತಿಂಗಳು ವ್ಯಾಪಾರದ ಎತ್ತರವನ್ನು ತೋರಿಸುತ್ತದೆ. ಮನೆ ಮುಳುಗುತ್ತದೆಯೋ ಇಲ್ಲವೋ ಎಂಬುದನ್ನು ಕೆಟ್ಟ ತಿಂಗಳೇ ಹೇಳಬೇಕು. ನನ್ನ ಮೀಸಲು ಹಣ ಮೂರು ತಿಂಗಳದ್ದಾಗಿರದೆ ಆರು ತಿಂಗಳದ್ದಾಗಿರಬೇಕೆಂಬುದೂ ಆಗಲೇ ಖಚಿತವಾಯಿತು. ಉದ್ರಿ ಎಪ್ಪತ್ತೈದು ದಿನ ತಡೆದು, ಅದರ ಹಿಂದೆಯೇ ಆಷಾಢ ಬಂದರೆ ಮೂರು ತಿಂಗಳು ಹಾಗೆಯೇ ಕಳೆದುಹೋಗುತ್ತವೆ.

ಬಾದಾಮಿಯಲ್ಲಿಯೂ ಒಂದು ಪ್ರಯತ್ನ ಮಾಡಿದೆ. ಗುಹಾಲಯ ನೋಡಲು ಬರುವ ಪ್ರವಾಸಿಗರು ಕೊಳ್ಳಬಹುದೆಂದು ಬಂಧುವೊಬ್ಬರ ಅಂಗಡಿಯಲ್ಲಿ ಎರಡು ಭಾನುವಾರ ಕುಳಿತೆ. ನೋಡಿದವರು ಬಹಳ, ಕೊಂಡವರು ಒಬ್ಬರು. 640 ರೂಪಾಯಿ ಖರ್ಚಿನಲ್ಲಿ ಆ ಬಾಗಿಲು ಮುಚ್ಚಿತು. ಬಾಡಿಗೆಗೆ ಮಳಿಗೆ ಹಿಡಿದು ಇದೇ ಪಾಠ ಕಲಿತಿದ್ದರೆ ಎಷ್ಟಾಗುತ್ತಿತ್ತೋ ಊಹಿಸಿಕೊಳ್ಳಿ.

ದಾರಿಯನ್ನು ತೆರೆದವರು ಗಿರಾಕಿಗಳೇ. ನವನಗರದ ಮಹಿಳೆಯರು ಮತ್ತೆ ಮತ್ತೆ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಇದಕ್ಕ ಒಪ್ಪೋ ಖಣ ಇಲ್ಲೇನ್ರಿ?" ಗುಳೇದಗುಡ್ಡದ ಖಣ ನಮ್ಮ ಜಿಲ್ಲೆಯದ್ದೇ. 180 ರೂಪಾಯಿಯ ಒಂದು ಖಣವನ್ನು ಬಣ್ಣ ಹೊಂದಿಸಿ ಸೀರೆಯೊಡನೆ ಇಟ್ಟು, ಜೋಡಿಗೆ 1,850 ರೂಪಾಯಿ ಇಟ್ಟೆ. ಅಸಲು 1,330, ಇತರ ಖರ್ಚು ಸುಮಾರು 80, ಉಳಿಕೆ 440. ಈಗ ಮನೆಯ ಖರ್ಚಿಗೆ ತಿಂಗಳಿಗೆ ಮೂವತ್ತೈದು ಜೋಡಿ ಮಾರಿದರೆ ಸಾಕು. ಆಗಸ್ಟಿನಿಂದ ನವೆಂಬರಿನವರೆಗೆ ಕ್ರಮವಾಗಿ ಒಂಬತ್ತು, ಹದಿನೇಳು, ಹತ್ತೊಂಬತ್ತು, ಹನ್ನೊಂದು ಜೋಡಿಗಳು ಹೋದವು. ಸರಾಸರಿ ಹದಿನಾಲ್ಕು. ಅದೂ ದಸರಾ, ದೀಪಾವಳಿಗಳು ಸೇರಿದ ತಿಂಗಳುಗಳಲ್ಲಿ.

ಮೂವತ್ತೈದಕ್ಕೆ ಹದಿನಾಲ್ಕು ಅರ್ಧವೂ ಅಲ್ಲ. ಆದರೂ ಇದನ್ನು ನಾನು ಸೋಲೆಂದು ಕರೆಯುವುದಿಲ್ಲ. ತಿಂಗಳಿಗೆ ಮೂವತ್ತೈದು ಜೋಡಿ ಮಾರಬೇಕಾದರೆ, ಹಣ ತಿರುಗಿ ಬರಲು ಒಂದು ತಿಂಗಳು ಹಿಡಿದರೂ 46,550 ರೂಪಾಯಿ ಸದಾ ಸರಕಿನಲ್ಲಿ ತೊಡಗಿರಬೇಕು. ಪರೀಕ್ಷೆಯ 20,000ಕ್ಕೆ ಲಾಭ ಸೇರುತ್ತಾ ಬಂದು ಅದೀಗ 47,000 ದಾಟಿದೆ. ಬಡ್ಡಿಯ ಬಾಗಿಲಿಗೆ ಹೋಗದೆ, ಮೀಸಲಿನ ಒಂದು ಕಾಳನ್ನೂ ಮುಟ್ಟದೆ ಬಂಡವಾಳ ಸಿದ್ಧವಾಯಿತು. ಇದು ಸಾಧ್ಯವಾದದ್ದು ಸಂಬಳದಿಂದ. ಸಂಬಳವು ಮನೆಯನ್ನು ಉಣಿಸಿದ್ದರಿಂದ ಲಾಭವು ವ್ಯಾಪಾರದಲ್ಲಿಯೇ ಉಳಿಯಿತು. ಕೆಲಸ ಬಿಟ್ಟಿದ್ದರೆ ಆ ನಾಲ್ಕು ತಿಂಗಳ ಅಷ್ಟೂ ಲಾಭವನ್ನು ಮನೆ ಎರಡು ತಿಂಗಳೊಳಗೆ ತಿಂದುಬಿಡುತ್ತಿತ್ತು.

ಈಗ ಕೊರತೆಯಿರುವುದು ಗಿರಾಕಿಗಳದ್ದು ಮಾತ್ರ. ರಾಜೀನಾಮೆ ಪತ್ರದ ಹಿಂಬದಿಯಲ್ಲಿ ಒಂದು ಷರತ್ತು ಬರೆದಿದ್ದೇನೆ. ಸತತ ಮೂರು ತಿಂಗಳು ಮೂವತ್ತೈದು ಜೋಡಿಗಳ ಹಣ ಕೈಗೆ ಬಂದಿರಬೇಕು, ಬಂಧುಗಳ ಖರೀದಿಯನ್ನು ಎಣಿಸಬಾರದು, ಆ ಮೂರರಲ್ಲಿ ಆಷಾಢವೂ ಸೇರಿರಬೇಕು. ಜೊತೆಗೆ, ಕೆಲಸದೊಂದಿಗೆ ಕೈತಪ್ಪುವ ಇ.ಎಸ್.ಐ. ವೈದ್ಯಕೀಯ ಸೌಲಭ್ಯಕ್ಕೆ ಬದಲಿ ವ್ಯವಸ್ಥೆಯ ವೆಚ್ಚವನ್ನು 15,400ಕ್ಕೆ ಸೇರಿಸಿ ಲೆಕ್ಕವನ್ನು ಮತ್ತೊಮ್ಮೆ ಮಾಡಬೇಕು. ಮುಂದಿನ ಆಷಾಢದ ಕೊನೆಯವರೆಗೂ ಇದು ಈಡೇರದಿದ್ದರೆ, ವ್ಯಾಪಾರವು ಭಾನುವಾರದ ಸಂಪಾದನೆಯಾಗಿಯೇ ಉಳಿಯುತ್ತದೆ.

ಒಂಟೆಯನ್ನು ಕಟ್ಟಿ ಭರವಸೆಯಿಡು ಎಂಬ ಪ್ರವಾದಿ(ಸ)ರ ಉಪದೇಶವನ್ನು ಅಬ್ಬಾ ನಮಗೆ ಎಷ್ಟೋ ಬಾರಿ ಹೇಳುತ್ತಿದ್ದರು. ಅಂಗಡಿ ಮುಚ್ಚಿದ ಮೇಲೆ ಅದನ್ನು ಹೇಳುವಾಗ ಅವರ ದನಿ ತಗ್ಗುತ್ತಿತ್ತು. ಕಳೆದ ವಾರ ಜೋಡಿಗಳ ಲೆಕ್ಕ ಬರೆಯುತ್ತಿದ್ದ ನನ್ನ ಬಳಿ ಅಮ್ಮಿ ಬಂದು ಕುಳಿತು, "ಈ ತಿಂಗಳು ಎಷ್ಟಾಯಿತು ಬೇಟಾ?" ಎಂದಳು. ಹನ್ನೆರಡು ಎಂದೆ. "ಇನ್ನೂ ಇಪ್ಪತ್ತಮೂರು" ಎಂದಳು. ಅವಳೂ ಎಣಿಸುತ್ತಿದ್ದಾಳೆಂದು ನನಗೆ ಆಗಲೇ ತಿಳಿದದ್ದು.

ಅಲ್ಲಾಹನು ನಮ್ಮೆಲ್ಲರ ಸಂಪಾದನೆಯನ್ನು ಹಲಾಲ್ ಆಗಿಸಿ ಅದರಲ್ಲಿ ಬರ್ಕತ್ ದಯಪಾಲಿಸಲಿ. ಆಮೀನ್.