ಹೊಗೆಯೂ ಹಲಗೆಯೂ

ಶಾಸನವು ಹುಟ್ಟುವುದು ರಾಜಧಾನಿಯಲ್ಲಿ. ಅದು ಬದುಕಿದೆಯೇ ಇಲ್ಲವೇ ಎಂಬುದು ತಿಳಿಯುವುದು ಮಾತ್ರ ಊರಿನ ಬಸ್ ನಿಲ್ದಾಣದಲ್ಲಿ, ಹೋಟೆಲಿನ ಮಹಡಿಯಲ್ಲಿ, ಕಚೇರಿಯ ಮೆಟ್ಟಿಲುಗಳ ತಿರುವಿನಲ್ಲಿ. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿದ ಶಾಸನಕ್ಕೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಕಳ್ಳತನವಾದರೆ ಕಳೆದುಕೊಂಡವನು ದೂರು ಕೊಡುತ್ತಾನೆ. ಬೀಡಿಯ ಹೊಗೆಯನ್ನು ಕುಡಿದವನು ಕೆಮ್ಮಿ ಸುಮ್ಮನಾಗುತ್ತಾನೆ. ಅಪರಾಧವು ಐದು ನಿಮಿಷಗಳಲ್ಲಿ ಮುಗಿದು, ಅದರ ಸಾಕ್ಷ್ಯವು ಗಾಳಿಯಲ್ಲಿ ಕರಗಿಹೋಗಿರುತ್ತದೆ. ಇಂತಹ ಅಪರಾಧವನ್ನು ತಡೆಯಬಲ್ಲವರು ಆ ಐದು ನಿಮಿಷ ಅಲ್ಲಿಯೇ ಇರುವವರು ಮಾತ್ರ.

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರು. ಈ ಅಲ್ಪ ದೂರವನ್ನು ದಿನವೂ ಬಸ್ಸಿನಲ್ಲಿ ಹೋಗಿ ಬರುವ ಉಬ್ಬಸದ ಉಪಾಧ್ಯಾಯರೊಬ್ಬರನ್ನು ಮನಸ್ಸಿಗೆ ತಂದುಕೊಂಡರೆ ಈ ವಿಷಯವು ಸ್ಪಷ್ಟವಾಗುತ್ತದೆ. ಬಸ್ಸಿನೊಳಗೆ ಅವರಿಗೆ ತೊಂದರೆಯಿಲ್ಲ. ಒಂದು ಕಾಲದಲ್ಲಿ ಕಿಟಕಿಯ ಪಕ್ಕ ಕುಳಿತವನು ನಿರಾತಂಕವಾಗಿ ಬೀಡಿ ಹಚ್ಚುತ್ತಿದ್ದ. ಈಗ ಹಾಗೆ ಹಚ್ಚುವವರು ವಿರಳ. ಬಸ್ಸು ಇಳಿದು ನಿಲ್ದಾಣದ ಕಂಬದ ಮರೆಗೆ ಬಂದರೆ ಹೊಗೆಯು ಎದುರಾಗುತ್ತದೆ. ನಿಲ್ದಾಣದಾಚೆಯ ಚಹದಂಗಡಿಗೆ ಹೋದರಂತೂ ಅದು ಆತಿಥ್ಯದ ಒಂದು ಅಂಗವೇ ಆಗಿರುತ್ತದೆ. ಜನರು ಅವರೇ, ಶಾಸನವೂ ಒಂದೇ. ಭೇದವಿರುವುದು ಎಲ್ಲಿ? ಬಸ್ಸಿನಲ್ಲಿ ಕಂಡಕ್ಟರನಿದ್ದಾನೆ. ‘ಆರಿಸ್ರಿ, ಇಲ್ಲಾಂದ್ರೆ ಇಳೀರಿ’ ಎಂದು ಹೇಳುವ ಅಧಿಕಾರವೂ ಅಭ್ಯಾಸವೂ ಅವನಿಗೆ ಉಂಟು. ನಿಲ್ದಾಣದ ಕಂಬಕ್ಕೆ ಅಂತಹ ಒಡೆಯನು ಯಾರೆಂಬುದು ಯಾರಿಗೂ ತಿಳಿಯದು.

ಶಾಸನವನ್ನು ರಚಿಸಿದವರು ಈ ಅಂಶವನ್ನು ಅರಿಯದವರಲ್ಲ. 1999ರಲ್ಲಿ ಕೇರಳದ ಉಚ್ಚ ನ್ಯಾಯಾಲಯವೂ 2001ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಸಾರ್ವಜನಿಕ ಸ್ಥಳಗಳ ಧೂಮಪಾನವನ್ನು ತಡೆಯಬೇಕೆಂದು ಆದೇಶವಿತ್ತವು. 2003ರಲ್ಲಿ ಸಿಗರೇಟು ಮತ್ತು ಇತರ ತಂಬಾಕು ಪದಾರ್ಥಗಳ ಕೇಂದ್ರ ಅಧಿನಿಯಮವು ಬಂದಿತು. ಅದರ 4ನೆಯ ಪ್ರಕರಣವೇ ಈ ನಿಷೇಧ. ಆದರೆ ನಿಷೇಧಕ್ಕೆ ಕೈಕಾಲು ಬಂದುದು 2008ರ ಅಕ್ಟೋಬರ್ 2ರಂದು ಜಾರಿಗೆ ಬಂದ ನಿಯಮಗಳಿಂದ. ಹೊಗೆಯನ್ನು ತಡೆಯುವ ಭಾರವನ್ನು ಅವು ಪೋಲೀಸರೊಬ್ಬರ ಮೇಲೆಯೇ ಹೊರಿಸದೆ, ಆಯಾ ಸ್ಥಳದ ಮಾಲೀಕ, ವ್ಯವಸ್ಥಾಪಕ ಅಥವಾ ಮೇಲ್ವಿಚಾರಕನ ಹೆಗಲಿಗೆ ಹಾಕಿದವು. ದಂಡ ವಿಧಿಸುವ ಅಧಿಕಾರವನ್ನೂ ಸಬ್ ಇನ್‌ಸ್ಪೆಕ್ಟರ್ ಮತ್ತು ಅವರಿಗೆ ಮೇಲ್ಪಟ್ಟ ಪೋಲೀಸು ಅಧಿಕಾರಿಗಳಿಗೆ ಮಾತ್ರವಲ್ಲದೆ ರೈಲು ನಿಲ್ದಾಣದಲ್ಲಿ ಸ್ಟೇಷನ್ ಮಾಸ್ತರರಿಗೆ, ಅಂಚೆಕಚೇರಿಯಲ್ಲಿ ಪೋಸ್ಟ್‌ಮಾಸ್ತರರಿಗೆ, ಶಾಲೆಯಲ್ಲಿ ಮುಖ್ಯೋಪಾಧ್ಯಾಯರಿಗೆ, ಗ್ರಂಥಾಲಯದಲ್ಲಿ ಗ್ರಂಥಪಾಲಕರಿಗೆ ಹಂಚಿಕೊಟ್ಟವು.

‘ಬಯಲಿನಲ್ಲಿ ಸೇದಿದರೆ ತಪ್ಪೇನು?’ ಎಂಬ ವಾದವು ಹರಿಹರದ ರೈಲು ನಿಲ್ದಾಣದ ಪ್ಲಾಟ್‌ಫಾರಮಿನ ಮೇಲೂ ಕೇಳಬರಬಹುದು. ಅಧಿನಿಯಮವು ಬಯಲು ಜಾಗಗಳನ್ನು ಬಿಟ್ಟಿರುವುದೇನೋ ನಿಜ. ಆದರೆ ರೈಲು ನಿಲ್ದಾಣ, ಬಸ್ ನಿಲ್ದಾಣ, ಕ್ರೀಡಾಂಗಣ, ತೆರೆದ ರಂಗಮಂದಿರ ಮುಂತಾದ ಜನ ಸೇರುವ ಸ್ಥಳಗಳು ಬಯಲೆನಿಸುವುದಿಲ್ಲವೆಂದು 2008ರ ನಿಯಮವು ಸ್ಪಷ್ಟವಾಗಿ ಹೇಳುತ್ತದೆ. ಆದುದರಿಂದ ತಲೆಯ ಮೇಲೆ ಆಕಾಶವೇ ಕಂಡರೂ ಪ್ಲಾಟ್‌ಫಾರಮು ನಿಷಿದ್ಧ ಸ್ಥಳವೇ.

ಹೋಟೆಲಿನ ಸಂಗತಿಯನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. ದಾವಣಗೆರೆಯಲ್ಲಿ 24 ಮಂದಿ ಕೂರಬಹುದಾದ ಒಂದು ಹೋಟೆಲನ್ನು ಊಹಿಸಬಹುದು; ಮುಂದೊಂದು ಬಾಗಿಲು, ಹಿಂದೊಂದು ಬಾಗಿಲು, ಮೇಲೊಂದು ಮಹಡಿ. ಪ್ರತಿ ಪ್ರವೇಶದ್ವಾರದಲ್ಲಿಯೂ 60 ಸೆಂಟಿಮೀಟರು ಅಗಲ, 30 ಸೆಂಟಿಮೀಟರು ಎತ್ತರಕ್ಕೆ ಕಡಿಮೆಯಿಲ್ಲದ ಬಿಳಿಯ ಹಲಗೆಯಿರಬೇಕು. ಮಹಡಿಯಲ್ಲಿಯೂ ಮೆಟ್ಟಿಲಿನ ಬಳಿಯಲ್ಲಿಯೂ ಇರಬೇಕು. ಇಲ್ಲಿ ಧೂಮಪಾನವು ಅಪರಾಧವೆಂಬ ಮಾತಿನೊಂದಿಗೆ, ಯಾರಿಗೆ ದೂರು ಹೇಳಬೇಕೆಂಬುದನ್ನೂ ಹೆಸರು ಸಹಿತ ಪ್ರಕಟಿಸಬೇಕು. ಬೂದಿ ಉದುರಿಸುವ ತಟ್ಟೆಯನ್ನಾಗಲಿ ಬೆಂಕಿಪೊಟ್ಟಣವನ್ನಾಗಲಿ ಲೈಟರನ್ನಾಗಲಿ ಅಲ್ಲಿ ಒದಗಿಸಕೂಡದು. ಮೂವತ್ತು ಆಸನಗಳ ಉಪಾಹಾರಗೃಹಕ್ಕೆ ಅಥವಾ ಮೂವತ್ತು ಕೋಣೆಗಳ ವಸತಿಗೃಹಕ್ಕೆ ಪ್ರತ್ಯೇಕ ಧೂಮಪಾನ ಕೋಣೆಯನ್ನು ಕಟ್ಟಿಸಿಕೊಳ್ಳಲು ಅವಕಾಶವುಂಟು. ಅದಕ್ಕೂ ನಾಲ್ಕು ಕಡೆ ಪೂರ್ಣ ಗೋಡೆ, ತಾನಾಗಿ ಮುಚ್ಚಿಕೊಳ್ಳುವ ಬಾಗಿಲು, ಹೊಗೆಯನ್ನು ನೇರವಾಗಿ ಹೊರಗೆ ಹಾಕುವ ಯಂತ್ರ ಇವೆಲ್ಲ ಇರಬೇಕು. ಅದರೊಳಗೆ ತಿಂಡಿ ಕಾಫಿಗಳನ್ನು ಕೊಡಕೂಡದು. ಇಪ್ಪತ್ತನಾಲ್ಕು ಆಸನಗಳ ಈ ಹೋಟೆಲಿಗೆ ಆ ಅವಕಾಶವೂ ಇಲ್ಲ.

ಮಹಡಿಯಲ್ಲಿ ಮೂವರು ಗಿರಾಕಿಗಳು ಸಿಗರೇಟು ಹಚ್ಚಿದರೆಂದೂ, ಪಕ್ಕದ ಮೇಜಿನವರು ಹಲಗೆಯಲ್ಲಿ ಹೆಸರಿದ್ದ ವ್ಯವಸ್ಥಾಪಕರಿಗೆ ದೂರು ಹೇಳಿದರೆಂದೂ, ಅವರು ನಕ್ಕು ಸುಮ್ಮನಾದರೆಂದೂ ಭಾವಿಸಿದರೆ, ನಿಯಮವು ಅವರನ್ನು ಸುಮ್ಮನೆ ಬಿಡುವುದಿಲ್ಲ. ದೂರನ್ನು ಕೇಳಿಯೂ ಕ್ರಮ ಕೈಗೊಳ್ಳದ ಮೇಲ್ವಿಚಾರಕನು, ಅಲ್ಲಿ ನಡೆದ ಅಪರಾಧಗಳ ಸಂಖ್ಯೆಗೆ ಸಮನಾದ ದಂಡವನ್ನು ತೆರಬೇಕು. ಹಿಂದೆ ಒಂದು ಅಪರಾಧಕ್ಕೆ 200 ರೂಪಾಯಿಗಳವರೆಗೆ ದಂಡವಿದ್ದಿತು; ಕರ್ನಾಟಕದ ತಿದ್ದುಪಡಿಗೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತವು ದೊರೆತ ಮೇಲೆ ಅದು 1,000 ರೂಪಾಯಿಗಳವರೆಗೆ ಏರಿದೆ. ಸೇದಿದ ಮೂವರಲ್ಲಿ ಒಬ್ಬೊಬ್ಬನು ಒಂದು ಸಾವಿರದವರೆಗೆ ಕೊಟ್ಟರೆ, ಸೇದದ ವ್ಯವಸ್ಥಾಪಕನು ಮೂರು ಸಾವಿರದವರೆಗೆ ಕೊಡಬೇಕಾಗಬಹುದು. ಮೇಲುನೋಟಕ್ಕೆ ಇದು ವಿಚಿತ್ರವಾಗಿ ಕಾಣಬಹುದು. ಆದರೆ ಗಿರಾಕಿಯು ಹತ್ತು ನಿಮಿಷ ಕುಳಿತು ಹೋಗುವವನು. ದಿನವಿಡೀ ಅಲ್ಲಿದ್ದು ಪ್ರತಿಯೊಬ್ಬನಿಗೂ ‘ಬೇಡಿ’ ಎನ್ನಬಲ್ಲವನು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನೇ. ನಿಯಮವು ಅವನನ್ನು ಕಂಡಕ್ಟರನ ಸ್ಥಾನದಲ್ಲಿ ನಿಲ್ಲಿಸಿದೆ.

ದಿನವಿಡೀ ಅಲ್ಲಿರುವವನು ಇನ್ನೊಬ್ಬನುಂಟು: ತಟ್ಟೆಯನ್ನು ತಂದಿಡುವ ಸಪ್ಲಯರು. ಗಿರಾಕಿಯು ಬೇಸರವಾದರೆ ಎದ್ದುಹೋಗಬಲ್ಲನು, ಇವನು ಹೋಗುವಂತಿಲ್ಲ. ಬಂದವರೆಲ್ಲರ ಹೊಗೆಯ ಶೇಷವೂ ಇವನ ಪಾಲಿಗೆ. ಪರರ ಹೊಗೆಗೆ ನಿರಪಾಯಕರವಾದ ಪ್ರಮಾಣವೆಂಬುದೇ ಇಲ್ಲವೆಂದೂ, ಫ್ಯಾನುಗಳಿಂದಲೂ ಗಾಳಿಕಿಂಡಿಗಳಿಂದಲೂ ಅದು ಪೂರ್ಣವಾಗಿ ನಿವಾರಣೆಯಾಗದೆಂದೂ 2006ರಲ್ಲಿ ಅಮೆರಿಕದ ಸರ್ಜನ್ ಜನರಲ್ ಅವರ ವರದಿಯು ನಿರ್ಣಯಿಸಿತು. ಐರ್ಲೆಂಡ್ ದೇಶವು 2004ರ ಮಾರ್ಚ್ 29ರಂದು ತನ್ನ ಪಾನಗೃಹಗಳನ್ನೂ ಒಳಗೊಂಡು ಎಲ್ಲ ಕೆಲಸದ ಮನೆಗಳಿಂದ ಹೊಗೆಯನ್ನು ಹೊರಗಟ್ಟಿದಾಗ ಮುಂದಿಟ್ಟ ಕಾರಣವೂ ಇದೇ: ಕೆಲಸಗಾರನ ಶ್ವಾಸಕೋಶ. ಅಲ್ಲಿಯೂ ಹೊಣೆಯು ಮನೆಯ ಯಜಮಾನನದೇ ಆಗಿದ್ದಿತು.

ದಾವಣಗೆರೆಯಲ್ಲಿ ಇದಕ್ಕೊಂದು ಸ್ಥಳೀಯ ಆಕ್ಷೇಪವನ್ನು ಹೂಡಬಹುದು. ‘ಬೆಣ್ಣೆದೋಸೆಯ ಸೌದೆಯೊಲೆಯದು ಹೊಗೆಯಲ್ಲವೆ? ಮಂಡಕ್ಕಿ ಭಟ್ಟಿಯದು ಹೊಗೆಯಲ್ಲವೆ? ಸಿಗರೇಟಿನದು ಮಾತ್ರ ಅಪರಾಧವೆ?’ ಸೌದೆಯ ಹೊಗೆಯೂ ಶ್ವಾಸಕೋಶಕ್ಕೆ ಹಿತವಲ್ಲ; ಅದನ್ನು ಒಪ್ಪಲೇಬೇಕು. ಆದರೆ ಒಲೆಯ ಹೊಗೆಗೆ ಹೊಗೆಗೂಡನ್ನು ಕಟ್ಟಿಸಬಹುದು. ಮೇಜಿನ ಮುಂದೆ ಕುಳಿತವನ ಬಾಯಿಗೆ ಹೊಗೆಗೂಡನ್ನು ಕಟ್ಟಿಸಲಾಗದು. ಮೇಲಾಗಿ ಒಂದು ಕೇಡು ಉಳಿದಿರುವುದು ಇನ್ನೊಂದನ್ನು ಉಳಿಸಿಕೊಳ್ಳಲು ಕಾರಣವಾಗದು.

ದಂಡವು ಐದು ಪಟ್ಟು ಹೆಚ್ಚಿದುದರಿಂದಲೇ ಕಾರ್ಯವು ಕೈಗೂಡಿತೆಂದು ನಂಬುವವರು ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬಹುದು. ಸಾವಿರ ಸಲ ಸೇದಿದವನು ಒಂದು ಸಲ ಸಿಕ್ಕಿಬೀಳುವನೆಂದಿಟ್ಟುಕೊಂಡರೆ, 200 ರೂಪಾಯಿನ ದಂಡದಲ್ಲಿ ಒಂದೊಂದು ಸಲಕ್ಕೆ ಬೀಳುವ ಭಾರ 20 ಪೈಸೆ. 1,000 ರೂಪಾಯಿನ ದಂಡದಲ್ಲಿ ಒಂದು ರೂಪಾಯಿ. ಸಿಗರೇಟಿನ ಬೆಲೆಯ ಮುಂದೆ ಎರಡೂ ಗಣನೆಗೆ ಬಾರವು. ಅದೇ ಇಪ್ಪತ್ತು ಸಲಕ್ಕೆ ಒಂದು ಸಲ ಸಿಕ್ಕಿಬೀಳುವಂತಿದ್ದರೆ ಹಳೆಯ 200 ರೂಪಾಯಿಯೇ ಸಲಕ್ಕೆ ಹತ್ತು ರೂಪಾಯಿನ ಭಾರವಾಗುತ್ತದೆ. ದಂಡದ ದೊಡ್ಡತನಕ್ಕಿಂತ ಅದರ ನಿಶ್ಚಿತತೆಯು ಬಲವಾದುದು. ಅಲ್ಲದೆ ದಂಡವು ಭಾರವಾದಷ್ಟೂ ಅದನ್ನು ಹಮಾಲಿಯಿಂದ ವಸೂಲು ಮಾಡಲು ಅಧಿಕಾರಿಯ ಕೈ ಹಿಂಜರಿಯುವ ಸಂಭವವುಂಟು. ‘ಸಾವಿರದವರೆಗೆ’ ಎಂದು ಶಾಸನವು ಹೇಳಿರುವುದನ್ನು ಮರೆಯಬಾರದು. ಕಡಿಮೆ ದಂಡವನ್ನು ಹೆಚ್ಚು ಸಲ ಹಾಕುವುದಕ್ಕೆ ಅದು ಅಡ್ಡಿಯಾಗದು.

ಜಾರಿಯು ನಿಜವೋ ತೋರಿಕೆಯೋ ಎಂಬುದನ್ನು ಅರಿಯಲು ಕೆಲವು ಕುರುಹುಗಳಿವೆ. ಹಲಗೆಯಲ್ಲಿ ದೂರು ಕೇಳುವವರ ಹೆಸರಿನ ಸ್ಥಳವು ಬರಿದಾಗಿದ್ದರೆ ಆ ಹಲಗೆಯು ಗೋಡೆಯ ಅಲಂಕಾರವಷ್ಟೆ. ಬೂದಿತಟ್ಟೆಯು ಹೋಗಿ, ಅದರ ಬದಲು ನೀರಿನ ಲೋಟದ ತಳದಲ್ಲಿ ತುಂಡುಗಳು ತೇಲುತ್ತಿದ್ದರೆ ನಿಯಮದ ಅಕ್ಷರವು ಉಳಿದು ಅರ್ಥವು ಹೋಗಿದೆ. ಬೀಡಾ ಅಂಗಡಿಯ ಕಂಬದಲ್ಲಿ ಕೊನೆ ಹೊತ್ತಿದ ಹಗ್ಗವು ತೂಗುತ್ತಿದ್ದರೆ, ಗಿರಾಕಿಯು ಅಲ್ಲಿಯೇ ನಿಂತು ಸೇದಲೆಂಬುದು ಅಂಗಡಿಯವನ ಆಮಂತ್ರಣ. ರಸೀದಿ ಪುಸ್ತಕವಂತೂ ಎಲ್ಲಕ್ಕಿಂತ ಸತ್ಯವಾದ ಸಾಕ್ಷಿ. ಜಿಲ್ಲೆಯ ತಂಬಾಕು ನಿಯಂತ್ರಣ ಕೋಶದವರು, ಪೋಲೀಸರು, ಆರೋಗ್ಯಾಧಿಕಾರಿಗಳು ಕೂಡಿ ದಾಳಿ ನಡೆಸುವ ಪದ್ಧತಿಯುಂಟು. ಯಾವ ಊರಿನಲ್ಲಿಯೇ ಆಗಲಿ, ರಸೀದಿಗಳೆಲ್ಲ ಮೇ 31ರ ತಂಬಾಕು ವಿರೋಧಿ ದಿನದ ಆಸುಪಾಸಿನಲ್ಲಿಯೇ ಇದ್ದರೆ ಅದು ಜಾರಿಯಲ್ಲ, ಜಾತ್ರೆ. ಅವೆಲ್ಲ ಗೂಡಂಗಡಿಗಳ ಹೆಸರಿನಲ್ಲಿದ್ದು, ಒಂದು ಕಚೇರಿಯ ಹೆಸರೂ ಇಲ್ಲದಿದ್ದರೆ ಅಧಿಕಾರವು ತನ್ನ ಮನೆಯನ್ನು ಬಿಟ್ಟು ಊರನ್ನು ಗುಡಿಸಿದೆಯೆಂದರ್ಥ.

ಜಾರಿಯಿಲ್ಲದ ಶಾಸನವು ನಿಷ್ಫಲವಾಗುವುದಷ್ಟೇ ಅಲ್ಲ, ಹಾನಿಯನ್ನೂ ಮಾಡುತ್ತದೆ. ಆ ಉಬ್ಬಸದ ಉಪಾಧ್ಯಾಯರು ನಿಲ್ದಾಣದಲ್ಲಿ ಹೊಗೆ ಬಿಡುವವನೊಬ್ಬನನ್ನು, ‘ಯಜಮಾನ್ರೆ, ಇಲ್ಲಿ ಸೇದಬಾರ್ದು ಅಂತ ಬೋರ್ಡ್ ಐತಲ್ರೀ’ ಎಂದು ಕೇಳಿದರೆ, ‘ಬೋರ್ಡು ಎಲ್ಲಾ ಕಡೆ ಐತೆ ಮೇಷ್ಟ್ರೆ, ಕೇಳೋರು ಯಾರು?’ ಎಂಬ ಉತ್ತರವು ಬರುವುದು ಅಸಂಭವವೇನಲ್ಲ. ಆ ಉತ್ತರದಲ್ಲಿ ಒರಟುತನಕ್ಕಿಂತ ಅನುಭವವೇ ಹೆಚ್ಚು. ಹಲಗೆಯಿಲ್ಲದ ಕಾಲದಲ್ಲಿ ಮೇಷ್ಟರು ಸೌಜನ್ಯವನ್ನು ಬೇಡುತ್ತಿದ್ದರು. ಬೇಡಿದವರಿಗೆ ಕೆಲವೊಮ್ಮೆ ಅದು ದೊರೆಯುತ್ತಿದ್ದಿತು. ಈಗ ಅವರು ಶಾಸನದ ಹೆಸರನ್ನು ಹೇಳಿ, ಶಾಸನವು ಬೆನ್ನಿಗೆ ಬಾರದೆ, ನಾಲ್ಕು ಜನರ ಮುಂದೆ ಸಣ್ಣವರಾಗುತ್ತಾರೆ. ಮರುದಿನ ಅವರು ಕೇಳುವುದಿಲ್ಲ. ಕಂಬದ ಆಚೆ ಬದಿಗೆ ಹೋಗಿ ನಿಲ್ಲುತ್ತಾರೆ. ಪಕ್ಕದಲ್ಲಿ ನಿಂತ ಶಾಲೆಯ ಬಾಲಕನು, ಬರೆದ ಮಾತಿಗೂ ನಡೆವ ಮಾತಿಗೂ ಸಂಬಂಧವಿಲ್ಲವೆಂಬ ಪಾಠವನ್ನು ಕಲಿತು ಮನೆಗೆ ಹೋಗುತ್ತಾನೆ. ತಲೆಶಿರಸ್ತ್ರಾಣದ ಶಾಸನಕ್ಕೂ ಕಸದ ಶಾಸನಕ್ಕೂ ಅವನು ಮುಂದೆ ಅದೇ ಪಾಠವನ್ನು ಅನ್ವಯಿಸುತ್ತಾನೆ.

ಇದಕ್ಕೆ ಪರಿಹಾರವು ಹೊಸ ಶಾಸನದಲ್ಲಿಲ್ಲ. ಇರುವ ಹಲಗೆಯ ಬರಿದಾದ ಸ್ಥಳದಲ್ಲಿಯೇ ಇದೆ. ಅಲ್ಲಿ ಒಂದು ಹೆಸರನ್ನು ಬರೆಯಿಸಿ, ಆ ಹೆಸರಿನವರನ್ನು ದೂರು ಬಂದಾಗ ಎಬ್ಬಿಸಿ, ಏಳದಿದ್ದರೆ ಅವರ ಹೆಸರಿಗೇ ರಸೀದಿ ಹರಿದರೆ, ಬಸ್ಸಿನೊಳಗೆ ಆದುದು ನಿಲ್ದಾಣದಲ್ಲಿಯೂ ಹೋಟೆಲಿನಲ್ಲಿಯೂ ಆಗದಿರಲು ಕಾರಣವಿಲ್ಲ. ಕಂಡಕ್ಟರನ ಕೈಯಲ್ಲಿ ಶಾಸನದ ಪುಸ್ತಕವಿರಲಿಲ್ಲ. ಬಸ್ಸು ತನ್ನ ವಶದಲ್ಲಿದೆಯೆಂಬ ತಿಳಿವಳಿಕೆ ಅವನಿಗಿದ್ದಿತು.