ಅಣ್ಣನಿಗೆ ಬರೆದ ಮೂರು ಮೈಲು

ಮೊನ್ನೆ ಏಪ್ರಿಲ್‌ನಲ್ಲಿ ನಮ್ಮಣ್ಣನಿಗೆ ಒಂದೇ ವಿಷಯಕ್ಕೆ ಮೂರು ಸಲ ಮೈಲ್ ಬರೆದೆ. ಅವನಿರೋದು ಅಮೆರಿಕದಲ್ಲಿ, ನಾನು ಬೆಂಗಳೂರಲ್ಲಿ, ಅಮ್ಮ ಊರಲ್ಲಿ. ವಿಷಯ ಊರ ಮನೆಯ ಹೆಂಚಿನ ಮಾಡಿನದು. ಸೋಮವಾರ ಕಳಿಸಿದ ಮೊದಲ ಮೈಲ್ ಹೀಗಿತ್ತು. ನಾಚಿಕೆ ಬಿಟ್ಟು ಹಾಗ್ಹಾಗೇ ಹಾಕ್ತಿದೀನಿ:

"ಅಣ್ಣಾ, ಕಳೆದ ವಾರ ಊರಿಗೆ ಹೋಗಿದ್ದಾಗ ಅಮ್ಮ ಮಲಗುವ ಕೋಣೆಯ ಮೇಲಿನ ಪಕಾಸಿಗೆ ಗೆದ್ದಲು ಹಿಡಿದಿರುವುದನ್ನು ನೋಡಿದ ಆಚಾರಿ, ಮಳೆಗಾಲಕ್ಕೆ ಮುಂಚೆ ಬದಲಾಯಿಸದಿದ್ದರೆ ಹೆಂಚು ಕುಸಿಯಬಹುದೆಂದು ಹೇಳಿ, ಮರಕ್ಕೆ 40 ಸಾವಿರ ಮುಂಗಡ ಕೊಟ್ಟರೆ ಮೇ 10ಕ್ಕೆ ಕೆಲಸ ಶುರುಮಾಡುವುದಾಗಿ ತಿಳಿಸಿರುವುದರಿಂದ, ನೀನು ಅರ್ಧ ಹಣ ಕಳಿಸಲು ಸಾಧ್ಯವೋ ಅಥವಾ ಜುಲೈನಲ್ಲಿ ನೀನು ಬರುವವರೆಗೂ ಕಾಯೋಣವೋ ಎಂಬುದನ್ನು ಈ ಭಾನುವಾರದೊಳಗೆ ತಿಳಿಸಿದರೆ, ಕಾಯುವುದಾದಲ್ಲಿ ಅಮ್ಮನನ್ನು ನಮ್ಮನೆಗೆ ಕರೆತರುವ ವ್ಯವಸ್ಥೆ ಮಾಡಬಹುದು."

ಒಂದೇ ವಾಕ್ಯ! ಬರೆಯುವಾಗ ಎಲ್ಲಾ ಹೇಳಿದೆ ಅನ್ನೋ ಸಮಾಧಾನ ಬೇರೆ. ಮರುದಿನ ಅಣ್ಣನ ಉತ್ತರ ಬಂತು: "ಅಮ್ಮ ನಿಮ್ಮನೆಗೆ ಬರ್ತಿರೋದು ಒಳ್ಳೇದಾಯ್ತು. ಒಂದು ತಿಂಗಳು ಇಟ್ಕೋ." ದುಡ್ಡಿನ ಮಾತಿಲ್ಲ, ಮಾಡಿನ ಮಾತೂ ಇಲ್ಲ.

ಮೊದಲು ಅವನ ಮೇಲೇ ಸಿಟ್ಟು ಬಂತು. ಆಮೇಲೆ ನಾನು ಬರೆದಿದ್ದನ್ನೇ ಓದಿದಾಗ ತಪ್ಪು ಯಾರದು ಅಂತ ಗೊತ್ತಾಯ್ತು. ಕನ್ನಡದಲ್ಲಿ ವಾಕ್ಯ ಮುಗಿಸೋ ಕ್ರಿಯಾಪದ ಕೊನೆಗೆ ಬರುತ್ತೆ. ಅಲ್ಲೀವರೆಗೆ ನೋಡಿದ, ಹೇಳಿ, ಕೊಟ್ಟರೆ, ತಿಳಿಸಿರುವುದರಿಂದ ಅಂತ ಬಂದಿದ್ದೆಲ್ಲಾ ಅರ್ಧರ್ಧ ಕ್ರಿಯೆಗಳು, ಓದುವವನು ಅವನ್ನೆಲ್ಲಾ ಕೈಯಲ್ಲಿ ಹಿಡ್ಕೊಂಡೇ ಮುಂದೆ ಹೋಗಬೇಕು. ಕೊನೆಗೆ ಅವನ ಕೈಯಲ್ಲಿ ಉಳಿದಿದ್ದು "ಕರೆತರುವ ವ್ಯವಸ್ಥೆ ಮಾಡಬಹುದು" ಒಂದೇ. ನಾನು ಕೇಳಿದ್ದ ಪ್ರಶ್ನೆ "ಎಂಬುದನ್ನು" ಅನ್ನೋದರೊಳಗೆ ಹೂತುಹೋಗಿತ್ತು, ಅದಕ್ಕೊಂದು ಪ್ರಶ್ನಾರ್ಥಕ ಚಿಹ್ನೆ ಕೂಡಾ ಇರಲಿಲ್ಲ. ಇನ್ನೊಂದು ತಮಾಷೆ ನೋಡಿ, ಊರಿಗೆ ಹೋಗಿದ್ದು ನಾನು. ಆದರೆ ಆ ವಾಕ್ಯದಲ್ಲಿ ನಾನೇ ಇಲ್ಲ, ಆಚಾರಿಯೇ ಊರಿಗೆ ಹೋಗಿ ಬಂದ ಹಾಗಿದೆ :-)

ಸರಿ, ಸಣ್ಣ ಸಣ್ಣ ವಾಕ್ಯ ಮಾಡೋಣ ಅಂತ ಬುಧವಾರ ಇನ್ನೊಂದು ಕಳಿಸಿದೆ:

"ಕಳೆದ ವಾರ ಊರಿಗೆ ಹೋಗಿದ್ದೆ. ಪಕಾಸಿಗೆ ಗೆದ್ದಲು ಹಿಡಿದಿದೆ. ಆಚಾರಿ ಬಂದು ನೋಡಿದರು. ಮಳೆಗೆ ಮುಂಚೆ ಬದಲಾಯಿಸಬೇಕು. 40 ಸಾವಿರ ಮುಂಗಡ ಕೊಡಬೇಕು. ಅರ್ಧ ನೀನು ಕಳಿಸಬೇಕು. ಭಾನುವಾರದೊಳಗೆ ತಿಳಿಸು."

ಈ ಸಲ ಅಣ್ಣ ಮೈಲ್ ಮಾಡಲಿಲ್ಲ, ಫೋನೇ ಮಾಡಿದ. "ಏನೋ, ನೋಟಿಸ್ ಕಳ್ಸಿದೀಯಾ ನಂಗೆ?" ಧ್ವನಿ ಚೆನ್ನಾಗಿರಲಿಲ್ಲ. ಆಫೀಸಿಂದ ಮಾಡಿದ್ದ, "ಸರಿಯಾಗಿ ಬರಿ, ನಿಮ್ಮತ್ತಿಗೆಗೂ ತೋರಿಸಬೇಕು" ಅಂತ ಹೇಳಿ ಇಟ್ಟುಬಿಟ್ಟ.

ಆ ರಾತ್ರಿ ಎರಡೂ ಮೈಲ್ ಪಕ್ಕ ಪಕ್ಕ ಇಟ್ಕೊಂಡು ಕೂತೆ. ಎರಡನೇದರಲ್ಲಿ ಏನು ಕಳೆದುಹೋಗಿದೆ? ಮೊದಲನೇದಾಗಿ, ಮಾತು ಯಾರದು ಅನ್ನೋದು. "ಬದಲಾಯಿಸದಿದ್ದರೆ ಕುಸಿಯಬಹುದು" ಅಂದಿದ್ದು ಆಚಾರಿ. "ಎಂದು ಹೇಳಿ" ಅನ್ನೋದನ್ನ ಕತ್ತರಿಸಿ ಎಸೆದಾಗ ಆಚಾರಿಯ ಅಭಿಪ್ರಾಯ ನನ್ನ ಅಪ್ಪಣೆ ಆಗಿಬಿಟ್ಟಿದೆ. ಎರಡನೇದು "ಆದರೆ-ಹೋದರೆ"ಗಳು. "ಮುಂಗಡ ಕೊಟ್ಟರೆ ಮೇ 10ಕ್ಕೆ ಶುರು" ಅನ್ನೋದು ಒಂದು ಷರತ್ತು. ಅದನ್ನ ಮುರಿದು "ಮುಂಗಡ ಕೊಡಬೇಕು" ಅಂತ ಮಾಡಿದ್ರೆ ಷರತ್ತು ಹೋಗಿ ವಸೂಲಿ ಉಳಿಯುತ್ತೆ. ಕಾಯೋಣವಾ ಅನ್ನೋ ಪ್ರಶ್ನೆಯಂತೂ ಪೂರ್ತಿ ಮಾಯ. "ಬೇಕು, ಬೇಕು, ಬೇಕು" ಅಂತ ಸಾಲಾಗಿ ಮೂರು ವಾಕ್ಯ ಮುಗಿದಿದೆ, ನೋಟಿಸ್ ಅನ್ನದೆ ಇನ್ನೇನಂತಾನೆ ಪಾಪ.

ನಡುವೆ ಒಂದು ಪ್ರಯತ್ನ ಮಾಡಿದೆ, ಅದನ್ನ ಕಳಿಸಲಿಲ್ಲ. ಎಲ್ಲಾ ವಾಕ್ಯದ ಮುಂದೂ ಒಂದೊಂದು "ಆದ್ದರಿಂದ", "ಹಾಗಾಗಿ", "ಆದಕಾರಣ" ಅಂಟಿಸಿ ನೋಡಿದೆ. ತಾಲ್ಲೂಕು ಕಛೇರಿಯ ಸುತ್ತೋಲೆ ತರ ಆಯ್ತು. ಅಳಿಸಿ ಹಾಕಿದೆ.

ಆಮೇಲೆ ಹೊಳೆದಿದ್ದು ಇಷ್ಟು. ಎಲ್ಲಿ ಬೇಕಲ್ಲಿ ಮುರಿಯೋದಲ್ಲ, ಮಾಡುವವರು ಬದಲಾದ ಕಡೆ ಮುರಿಯಬೇಕು. "ಕರೆಸಿ ತೋರಿಸಿದೆ" ಅನ್ನೋದರಲ್ಲಿ ಕರೆಸಿದ್ದೂ ತೋರಿಸಿದ್ದೂ ನಾನೇ, ಅದು ಒಟ್ಟಿಗೇ ಇರಲಿ. ಗೆದ್ದಲು ಬಂದ ಕೂಡಲೇ ಬೇರೆ ವಾಕ್ಯ. ಷರತ್ತನ್ನ ಮಾತ್ರ ಮುಟ್ಟಬಾರದು, ಅಲ್ಲಿ ಮಾಡುವವರು ಬದಲಾದ್ರೂ ಒಟ್ಟಿಗೇ ಇರಬೇಕು. ಆಮೇಲೆ ಬೇರೆಯವರ ಮಾತಿಗೆ ನಮ್ಮ ಭಾಷೆಯಲ್ಲೇ ಒಂದು ಚಿಕ್ಕ ಬಾಲ ಇದೆಯಲ್ಲ, "ಅಂತೆ". "ಎಂಬುದಾಗಿ ತಿಳಿಸಿರುತ್ತಾರೆ" ಅನ್ನೋ ಅಷ್ಟುದ್ದದ ಕೆಲಸವನ್ನ ಅದೊಂದೇ ಮಾಡುತ್ತೆ. ದಿನಾ ಮಾತಾಡುವಾಗ ಬಳಸ್ತೀವಿ, ಬರೆಯೋಕೆ ಕೂತರೆ ಯಾಕೋ ಮರೆತೇ ಹೋಗುತ್ತೆ.

ಗುರುವಾರದ ಮೂರನೇ ಮೈಲ್:

"ಅಣ್ಣಾ, ಊರ ಮನೆ ಮಾಡಿನ ವಿಷಯಕ್ಕೆ ನಿನ್ನ ಒಂದು ಮಾತು ಕೇಳಬೇಕಿತ್ತು. ಕಳೆದ ವಾರ ಊರಿಗೆ ಹೋದಾಗ ಆಚಾರಿಯನ್ನ ಕರೆಸಿ ಮಾಡು ತೋರಿಸಿದೆ. ಅಮ್ಮ ಮಲಗೋ ಕೋಣೆ ಮೇಲಿನ ಪಕಾಸಿಗೆ ಗೆದ್ದಲು ಹಿಡಿದಿದೆ. ಅದನ್ನ ಮಳೆಗೆ ಮುಂಚೆ ಬದಲಾಯಿಸದಿದ್ರೆ ಹೆಂಚು ಕುಸಿಯಬಹುದಂತೆ. ಮರಕ್ಕೆ 40 ಸಾವಿರ ಮುಂಗಡ ಕೊಟ್ಟರೆ ಮೇ 10ಕ್ಕೆ ಶುರು ಮಾಡ್ತಾರಂತೆ. ಆ ದುಡ್ಡಲ್ಲಿ ಅರ್ಧ ಕಳಿಸೋಕೆ ನಿಂಗೆ ಆಗುತ್ತಾ? ಇಲ್ಲ, ಜುಲೈನಲ್ಲಿ ನೀನು ಬರೋವರೆಗೂ ಕಾಯೋಣ ಅಂತೀಯಾ? ಕಾಯೋದಾದ್ರೆ ಅಮ್ಮನ್ನ ಅಲ್ಲೀವರೆಗೆ ನಮ್ಮನೇಲೇ ಇಟ್ಕೋತೀನಿ. ಯಾವುದಾದ್ರೂ ಸರಿ, ಭಾನುವಾರದೊಳಗೆ ಹೇಳು. ಸೋಮವಾರ ಆಚಾರಿಗೆ ಮಾತು ಕೊಡಬೇಕು."

ಹತ್ತು ವಾಕ್ಯ ಇದೆ ಇಲ್ಲಿ, ಎರಡನೇ ಮೈಲಿಗಿಂತ ಮೂರು ಜಾಸ್ತಿ. ಆದ್ರೂ ತುಂಡು ತುಂಡು ಅನ್ನಿಸಲ್ಲ. ಯಾಕೆ ಅಂದ್ರೆ "ಅದನ್ನ", "ಆ ದುಡ್ಡಲ್ಲಿ", "ಕಾಯೋದಾದ್ರೆ" ಇವನ್ನ ನೋಡಿ, ಹಿಂದೆ ಬಂದ ವಿಷಯವನ್ನ ಹಿಡ್ಕೊಂಡೇ ಹೊಸ ವಾಕ್ಯ ಶುರುವಾಗುತ್ತೆ. ಹೊಸ ಸುದ್ದಿ ಆಮೇಲೆ. ಎಲ್ಲಾ ವಾಕ್ಯಕ್ಕೂ ಇಂಥ ಕೊಂಡಿ ಬೇಕಿಲ್ಲ, ಮೂರ್ನಾಲ್ಕು ಕಡೆ ಇದ್ರೆ ಸಾಕು. ಉದ್ದದ ಎರಡು ವಾಕ್ಯದ ನಂತರ ಒಂದು ಚಿಕ್ಕದು ಬಂದಿದ್ದು ತಾನಾಗೇ ಆಗಿದ್ದು, ಅಳತೆ ಮಾಡಿ ಬರೆದಿದ್ದಲ್ಲ.

ಈಗ ಯಾವ ಮೈಲ್ ಕಳಿಸೋಕೆ ಮುಂಚೆಯೂ ಒಂದು ಕೆಲಸ ಮಾಡ್ತೀನಿ. ವಾಕ್ಯಗಳ ಕೊನೇ ಪದ ಮಾತ್ರ ಓದ್ಕೊಂಡು ಹೋಗ್ತೀನಿ. ಕೇಳಬೇಕಿತ್ತು, ತೋರಿಸಿದೆ, ಹಿಡಿದಿದೆ, ಕುಸಿಯಬಹುದಂತೆ, ಮಾಡ್ತಾರಂತೆ, ಆಗುತ್ತಾ, ಅಂತೀಯಾ, ಇಟ್ಕೋತೀನಿ, ಹೇಳು, ಮಾತು ಕೊಡಬೇಕು. ಇಷ್ಟರಲ್ಲೇ ಅರ್ಧ ಕಥೆ ಗೊತ್ತಾಗುತ್ತೆ. ಮೊದಲ ಮೈಲಲ್ಲಿ ಹೀಗೆ ಓದಿದ್ರೆ ಸಿಗೋದು "ಮಾಡಬಹುದು" ಒಂದೇ. ಎರಡನೇದರಲ್ಲಿ ಸಾಲಾಗಿ ಮೂರು "ಬೇಕು".

ಅಂದಹಾಗೆ ಕರಾರುಪತ್ರ, ವಕೀಲರ ಕಾಗದ ಇಂಥದ್ದಕ್ಕೆಲ್ಲ ಇದನ್ನ ಹಚ್ಚೋಕೆ ಹೋಗಬೇಡಿ. ಅಲ್ಲಿ "ಅಂತೆ" ಅಂದ್ರೆ ಗಾಳಿಮಾತು. ಹೇಳಿದವರ ಹೆಸರು, ತಾರೀಖು ಎಲ್ಲಾ ಬರೀಲೇಬೇಕು.

ಶುಕ್ರವಾರ ಬೆಳಿಗ್ಗೆ ಅಣ್ಣನ ಉತ್ತರ ಬಂದಿತ್ತು. ಅರ್ಧ ಅಲ್ಲ, ಪೂರ್ತಿ 40 ಸಾವಿರ ಕಳಿಸ್ತೀನಿ, ಕಾಯೋದು ಬೇಡ ಅಂತ. ಕೆಳಗೆ ಒಂದೇ ಸಾಲು: "ಯಾವ ಮರ ಹಾಕ್ತಾರಂತೆ?"

ಅದನ್ನ ನಾನು ಆಚಾರಿ ಹತ್ರ ಕೇಳೇ ಇರಲಿಲ್ಲ.