ಮನ್ನಳ್ಳಿಯ ದಿನಚರಿ: ಲೆವೆಲ್ 2 ಪತ್ರದ ವಿಚಾರಣೆ

ಜೂನ್ 8, 2025, ಭಾನುವಾರ

ಮಧ್ಯಾಹ್ನ ತಂಗಿ ಮತ್ತು ಅವಳ ಮಗ ಬಂದಿದ್ದರು. ಹುಡುಗ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದಾನೆ, ಗಲ್ಫಿನ ರಿಫೈನರಿ ಶಟ್‌ಡೌನ್ ಕೆಲಸಕ್ಕೆ ಹೋಗುವ ಆಸೆ. ಹೈದರಾಬಾದಿನ ಒಂದು ಸಂಸ್ಥೆಯ ಕರಪತ್ರ ತಂದಿದ್ದ: ಹನ್ನೆರಡು ದಿನದ ತರಬೇತಿ, ಪಿಟಿ, ಎಂಟಿ, ಯುಟಿ, ಆರ್‌ಟಿ ನಾಲ್ಕರಲ್ಲೂ ‘ಎಎಸ್‌ಎನ್‌ಟಿ ಲೆವೆಲ್ 2’ ಪ್ರಮಾಣಪತ್ರ, ಪರೀಕ್ಷೆ ಸೇರಿ ₹38,000.

“ಮಾಮಾ, ಶನಿವಾರದೊಳಗ ಐದು ಸಾವಿರ ಕಟ್ಟಿದ್ರ ಸೀಟು ಹಿಡೀತಾರಂತ. ಆಮ್ಯಾಲ ಫೀಸು ಏರಸ್ತಾರಂತ.”

ತಂಗಿ ಹೆಚ್ಚು ಮಾತಾಡಲಿಲ್ಲ. “ಸೋಯಾ ಬೀಜಕ್ಕ, ಗೊಬ್ಬರಕ್ಕ ಇಟ್ಟ ರೊಕ್ಕ ಅದ ಅಣ್ಣಾ. ನೀ ಒಮ್ಮಿ ನೋಡಿ ಹೇಳು, ಕೊಡ್ತೀನಿ” ಅಂದಳು. ಕೊಳಾರದ ಫ್ಯಾಬ್ರಿಕೇಶನ್ ಶಾಪಿನಲ್ಲಿ ಇಷ್ಟು ವರ್ಷ ವೆಲ್ಡಿಂಗ್ ತಪಾಸಣೆ ಮಾಡಿದವನು ನಾನು. ಪಿಟಿಯ ಕೆಂಪು ಬಣ್ಣ ಬಿರುಕಿನಿಂದ ಮೇಲೆ ಬರುವುದನ್ನು ನೋಡುತ್ತಲೇ ದಿನ ಕಳೆದಿದ್ದೇನೆ. ಶನಿವಾರದವರೆಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ ಎಂದು ಹೇಳಿ ಕರಪತ್ರ ಇಟ್ಟುಕೊಂಡೆ.

ಜೂನ್ 9, ಸೋಮವಾರ

ರಾತ್ರಿ ಊಟವಾದ ಮೇಲೆ ಕರಪತ್ರದ ಕೆಳಗಿನ ಮುದ್ರೆಗಳನ್ನು ಒಂದೊಂದಾಗಿ ನೋಡಿದೆ. ಐಎಸ್‌ಒ 9001, ಉದ್ಯಮ್, ನೀತಿ ಆಯೋಗದ ದರ್ಪಣ್, ಕೊನೆಗೆ ‘ಐಎಎಫ್ ಮಾನ್ಯತೆ’.

ಐಎಸ್‌ಒ 9001 ನಿಜವೇ ಇರಬಹುದು. ಆದರೆ ಅದು ಆ ಸಂಸ್ಥೆ ತನ್ನ ಆಡಳಿತವನ್ನು ಹೇಗೆ ನಡೆಸುತ್ತದೆ ಎಂಬುದಕ್ಕೆ ಸಂಬಂಧಿಸಿದ್ದು. ಅಲ್ಲಿ ಕಲಿತವನ ಕೈಗೆ ಬರುವ ಪತ್ರದ ಬೆಲೆ ಅದರಿಂದ ತಿಳಿಯುವುದಿಲ್ಲ. ಉದ್ಯಮ್ ಎಂದರೆ ಸಣ್ಣ ಉದ್ದಿಮೆದಾರ ತಾನೇ ಘೋಷಿಸಿಕೊಂಡು ಆನ್‌ಲೈನಿನಲ್ಲಿ ಪುಕ್ಕಟೆ ಮಾಡಿಸುವ ನೋಂದಣಿ. ನಮ್ಮೂರಿನ ಹಿಟ್ಟಿನ ಗಿರಣಿಗೂ ಅದು ಸಿಗುತ್ತದೆ. ದರ್ಪಣ್ ಸ್ವಯಂಸೇವಾ ಸಂಸ್ಥೆಗಳು ಹೆಸರು ಬರೆಸುವ ಪೋರ್ಟಲ್, ತರಬೇತಿಯ ಗುಣಮಟ್ಟವನ್ನು ಅಲ್ಲಿ ಯಾರೂ ಅಳೆಯುವುದಿಲ್ಲ. ‘ಸರ್ಕಾರದ ನೋಂದಣಿ’ ಎಂಬ ಮಾತು ಕೇಳಿದರೆ ನಮ್ಮ ಕಡೆಯ ತಾಯಿ-ತಂದೆ ನಂಬಿಬಿಡುತ್ತಾರೆ. ಆ ನಂಬಿಕೆಯ ಮೇಲೆ ಕರಪತ್ರ ಅಚ್ಚಾಗುತ್ತಿರುವುದು ನನಗೆ ಸಂಕಟ ತರುತ್ತದೆ.

ನಾಲ್ಕನೆಯದನ್ನು ನೋಡಿದಾಗಲೇ ಅನುಮಾನ ಗಟ್ಟಿಯಾಯಿತು. ಐಎಎಫ್ ಎಂದರೆ ಅಂತರರಾಷ್ಟ್ರೀಯ ಮಾನ್ಯತಾ ವೇದಿಕೆ. ಅದು ಯಾವ ತರಬೇತಿ ಸಂಸ್ಥೆಗೂ, ಯಾವ ಪ್ರಮಾಣೀಕರಣ ಸಂಸ್ಥೆಗೂ ನೇರವಾಗಿ ಮಾನ್ಯತೆ ಕೊಡುವುದಿಲ್ಲ. ಅದರೊಳಗೆ ಇರುವುದು ದೇಶದೇಶಗಳ ಮಾನ್ಯತಾ ಮಂಡಳಿಗಳು: ನಮ್ಮಲ್ಲಿ ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾದ ಎನ್‌ಎಬಿಸಿಬಿ, ಬ್ರಿಟನ್ನಿನಲ್ಲಿ ಯುಕೆಎಎಸ್. ಆ ಮಂಡಳಿಗಳು ಪ್ರಮಾಣೀಕರಣ ಸಂಸ್ಥೆಯನ್ನು ಪರಿಶೀಲಿಸಿ ಮಾನ್ಯ ಮಾಡುತ್ತವೆ. ಆ ಸಂಸ್ಥೆ ಅಭ್ಯರ್ಥಿಯನ್ನು ಪರೀಕ್ಷಿಸಿ ಪತ್ರ ಕೊಡುತ್ತದೆ. ಮಧ್ಯದ ಮಂಡಳಿಯ ಹೆಸರನ್ನೇ ಬಿಟ್ಟು ‘ನಮಗೆ ಐಎಎಫ್ ಮಾನ್ಯತೆ ಇದೆ’ ಎಂದು ಬರೆದವರಿಗೆ ಈ ಸರಪಳಿ ಗೊತ್ತಿಲ್ಲ, ಇಲ್ಲವೇ ನಮಗೆ ಗೊತ್ತಿಲ್ಲವೆಂದು ತಿಳಿದಿದ್ದಾರೆ.

ಜೂನ್ 10, ಮಂಗಳವಾರ

ಮುದ್ರೆಗಳಿಗಿಂತ ದೊಡ್ಡ ತೊಡಕು ‘ಎಎಸ್‌ಎನ್‌ಟಿ ಲೆವೆಲ್ 2’ ಎಂಬ ಹೆಸರಿನಲ್ಲೇ ಇದೆ. ಹುಡುಗನಿಗೆ ಇದನ್ನು ಬಿಡಿಸಿ ಹೇಳಬೇಕೆಂದು ಇಲ್ಲಿ ಬರೆದುಕೊಳ್ಳುತ್ತಿದ್ದೇನೆ.

ಎಎಸ್‌ಎನ್‌ಟಿ ಅಮೆರಿಕದ ಸಂಘ. ವಸ್ತುವನ್ನು ಒಡೆಯದೆ ತಪಾಸಣೆ ಮಾಡುವವರ ಅರ್ಹತೆಗಾಗಿ ಅದು ಎಸ್‌ಎನ್‌ಟಿ-ಟಿಸಿ-1ಎ ಎಂಬ ಶಿಫಾರಸು ದಾಖಲೆ ಪ್ರಕಟಿಸಿದೆ. ಅದರ ಪ್ರಕಾರ ಲೆವೆಲ್ 2 ಪತ್ರ ಕೊಡುವವನು ಕೆಲಸ ಕೊಟ್ಟ ಮಾಲೀಕ. ಕಂಪನಿ ತನ್ನದೇ ‘ರಿಟನ್ ಪ್ರಾಕ್ಟೀಸ್’ ಬರೆದಿಟ್ಟುಕೊಂಡು, ತನ್ನ ನೌಕರನ ತರಬೇತಿ, ಅನುಭವ, ದೃಷ್ಟಿ, ಪರೀಕ್ಷೆ ಎಲ್ಲ ನೋಡಿ ತಾನೇ ಪತ್ರಕ್ಕೆ ಸಹಿ ಹಾಕುತ್ತದೆ. ಆ ಕೆಲಸ ಬಿಟ್ಟರೆ ಆ ಪತ್ರವೂ ಅಲ್ಲಿಗೆ ಮುಗಿಯಿತು, ಹೊಸ ಕಂಪನಿ ಹೊಸದಾಗಿ ನೋಡಿ ಕೊಡಬೇಕು. ಈ ದಾಖಲೆಯ ಪ್ರಕಾರದ ಲೆವೆಲ್ 2 ಪತ್ರವನ್ನು ಎಎಸ್‌ಎನ್‌ಟಿ ಕೊಡುವುದಿಲ್ಲ. ಹಾಗಿದ್ದ ಮೇಲೆ ಹೈದರಾಬಾದಿನ ಸಂಸ್ಥೆ ತನ್ನ ನೌಕರನಲ್ಲದ ಹುಡುಗನಿಗೆ ಕೊಡುವ ಪತ್ರ ಏನು? ತರಬೇತಿ ಪಡೆದು ಪರೀಕ್ಷೆ ಬರೆದ ಎಂಬ ದಾಖಲೆ ಮಾತ್ರ. ಅದಕ್ಕೂ ಬೆಲೆ ಇದೆ, ಆದರೆ ಅದರ ಹೆಸರು ಬೇರೆ.

ಇನ್ನು ದಿನಗಳ ಲೆಕ್ಕ. ಲೆವೆಲ್ 1ರಲ್ಲಿ ಕೆಲಸ ಮಾಡದೆ ನೇರ ಲೆವೆಲ್ 2ಕ್ಕೆ ಹೋಗುವವನಿಗೆ ಎರಡೂ ಹಂತದ ತರಬೇತಿ ಗಂಟೆ ಕೂಡಿಸಬೇಕು. ಅದೇ ದಾಖಲೆಯ ಶಿಫಾರಸಿನಂತೆ ಪಿಟಿಗೆ 4 ಮತ್ತು 8, ಒಟ್ಟು 12. ಎಂಟಿಗೆ 12 ಮತ್ತು 8, ಒಟ್ಟು 20. ಯುಟಿಗೆ 40 ಮತ್ತು 40, ಒಟ್ಟು 80. ಆರ್‌ಟಿಗೂ 80. ನಾಲ್ಕೂ ಸೇರಿ 192 ಗಂಟೆ. ದಿನಕ್ಕೆ ಎಂಟು ಗಂಟೆ ಪೂರ್ತಿ ಕೂತರೆ 24 ದಿನ. ಕರಪತ್ರದಲ್ಲಿ ಹನ್ನೆರಡೇ ದಿನ. ಮೇಲಿಂದ ಅನುಭವ ಬೇಕು: ಯುಟಿ ಒಂದಕ್ಕೇ 210 ಮತ್ತು 630, ಅಂದರೆ 840 ಗಂಟೆ ಕೈಯಲ್ಲಿ ಪ್ರೋಬ್ ಹಿಡಿದು ಮಾಡಿದ ಕೆಲಸ. ಕಂಪನಿ ತನ್ನ ರಿಟನ್ ಪ್ರಾಕ್ಟೀಸಿನಲ್ಲಿ ಈ ಅಂಕಿಗಳನ್ನು ಬದಲಿಸಿಕೊಳ್ಳಬಹುದು, ಕಾರಣ ಇದು ಶಿಫಾರಸು. ಆದರೆ ಅನುಭವವೇ ಇಲ್ಲದವನಿಗೆ ಹನ್ನೆರಡು ದಿನದಲ್ಲಿ ನಾಲ್ಕು ಲೆವೆಲ್ 2 ಕೊಡುವುದನ್ನು ಒಳ್ಳೆಯ ಲೆವೆಲ್ 3 ಯಾರೂ ಒಪ್ಪಲಾರರು.

ಜೂನ್ 11, ಬುಧವಾರ

ಕಾರಹುಣ್ಣಿಮೆ. ತಂಗಿಯ ಮನೆಗೆ ಹೋಗಿದ್ದೆ. ಎತ್ತುಗಳ ಕೋಡಿಗೆ ಬಣ್ಣ ಹಚ್ಚಿದ್ದರು, ಹೋಳಿಗೆ ಊಟ. ಊಟವಾದ ಮೇಲೆ ಹುಡುಗನಿಂದಲೇ ಸಂಸ್ಥೆಗೆ ಫೋನು ಮಾಡಿಸಿದೆ. ಕೇಳಬೇಕಾದ್ದನ್ನು ಮೊದಲೇ ಬರೆದುಕೊಟ್ಟಿದ್ದೆ: ಪತ್ರದ ಮೇಲೆ ಪ್ರಮಾಣೀಕರಿಸಿದವರೆಂದು ಯಾರ ಹೆಸರು ಇರುತ್ತದೆ? ಯಾವ ಮಾನದಂಡದ ಪ್ರಕಾರ? ಅವರಿಗೆ ಮಾನ್ಯತೆ ಕೊಟ್ಟ ಮಂಡಳಿ ಯಾವುದು, ಅದರ ನಂಬರು ಏನು? ಮಾದರಿ ಪತ್ರದ ಫೋಟೊ ಕಳಿಸುತ್ತೀರಾ?

ಆ ಕಡೆಯ ಹೆಣ್ಣುಮಗಳು ಮರ್ಯಾದೆಯಿಂದಲೇ ಮಾತಾಡಿದಳು. “ಗಲ್ಫಿನಲ್ಲಿ ಎಲ್ಲಾ ಕಡೆ ನಡೆಯುತ್ತದೆ, ಪಾಸ್ ಗ್ಯಾರಂಟಿ” ಅಂದಳು. ಮಾದರಿ ಪತ್ರ ಸಂಜೆ ಬಂತು. ಪ್ರಮಾಣೀಕರಿಸಿದವರ ಜಾಗದಲ್ಲಿ ಸಂಸ್ಥೆಯದೇ ಹೆಸರು. ಕೆಳಗೆ ಇಂಗ್ಲೆಂಡಿನ ವಿಳಾಸದ ಒಂದು ‘ಅಂತರರಾಷ್ಟ್ರೀಯ ಮಾನ್ಯತಾ ಮಂಡಳಿ’ಯ ಮುದ್ರೆ. ಆ ಮಂಡಳಿಯ ಹೆಸರು ಐಎಎಫ್ ಸದಸ್ಯರ ಪಟ್ಟಿಯಲ್ಲಿಲ್ಲ. ಬ್ರಿಟನ್ನಿನಲ್ಲಿ ಕಂಪನಿಯೆಂದು ನೋಂದಾಯಿಸಿಕೊಳ್ಳುವುದಕ್ಕೆ ದೊಡ್ಡ ಖರ್ಚಿಲ್ಲ, ಮತ್ತು ಸರ್ಕಾರ ನೇಮಿಸಿದ ರಾಷ್ಟ್ರೀಯ ಮಂಡಳಿ ಅಲ್ಲಿ ಯುಕೆಎಎಸ್ ಒಂದೇ.

ಪಾಸ್ ಗ್ಯಾರಂಟಿಯ ಮಾತು ನನ್ನನ್ನು ಹೆಚ್ಚು ಕಾಡಿತು. ವ್ಯಕ್ತಿಗಳಿಗೆ ಪ್ರಮಾಣಪತ್ರ ಕೊಡುವ ಸಂಸ್ಥೆಗಳಿಗೆಂದೇ ಇರುವ ಮಾನದಂಡ ಐಎಸ್‌ಒ/ಐಇಸಿ 17024. ಒಂದೇ ಸಂಸ್ಥೆ ಕಲಿಸುವುದೂ ಪ್ರಮಾಣಪತ್ರ ಕೊಡುವುದೂ ಆದರೆ ನಿಷ್ಪಕ್ಷಪಾತಕ್ಕೆ ಅಪಾಯ ಎಂದು ಅದು ಹೇಳುತ್ತದೆ. ನಮ್ಮಲ್ಲೇ ಕಲಿತರೆ ಪತ್ರ ಸುಲಭವಾಗಿ ಸಿಗುತ್ತದೆ ಎಂದು ಸೂಚಿಸಲೂ ಬಾರದು.

ಜೂನ್ 14, ಶನಿವಾರ

ಮುಂಗಡ ಕಟ್ಟುವ ಗಡುವು ಇವತ್ತು ದಾಟಿತು. ಹುಡುಗನ ಮುಖ ಸಪ್ಪಗಿತ್ತು. “ಹಂಗಾದ್ರ ಖರೇ ಪತ್ರ ಎಲ್ಲಿ ಸಿಗ್ತದ ಮಾಮಾ?” ಎಂದು ಕೇಳಿದ. ಸರಿಯಾದ ಪ್ರಶ್ನೆ.

ಕೆಲಸ ಬದಲಿಸಿದರೂ ಜೊತೆಗೇ ಬರುವ ಪತ್ರ ಬೇಕಿದ್ದರೆ ಐಎಸ್‌ಒ 9712ರ ದಾರಿ ಇದೆ. ಅಲ್ಲಿ ಮಾಲೀಕನಲ್ಲ, ಸ್ವತಂತ್ರ ಸಂಸ್ಥೆ ಪ್ರಮಾಣೀಕರಿಸುತ್ತದೆ, ಪತ್ರಕ್ಕೆ ಐದು ವರ್ಷದ ಅವಧಿ. ಬ್ರಿಟನ್ನಿನ ಬಿಂಟ್ ಸಂಸ್ಥೆಯ ಪಿಸಿಎನ್ ಇಂಥದ್ದು, ಅದಕ್ಕೆ ಯುಕೆಎಎಸ್ ಮಾನ್ಯತೆ ಇದೆ. ಇಲ್ಲಿಯೂ ಅನುಭವದ ಗಂಟೆ ಪೂರ್ತಿಯಾಗದೆ ಪ್ರಮಾಣಪತ್ರ ಕೈಗೆ ಬರುವುದಿಲ್ಲ, ಪರೀಕ್ಷೆ ಪಾಸಾಗಿದ್ದರೂ ಸರಿಯೇ.

ಅವನ ಗೆಳೆಯನೊಬ್ಬ ಇನ್ನೊಂದು ಸಂಸ್ಥೆಯ ಹೆಸರು ಹೇಳಿದ್ದ, ಎನ್‌ಎಬಿಸಿಬಿ ಲಾಂಛನ ಇದ್ದದ್ದು. ಹುಡುಗನನ್ನು ಪಕ್ಕಕ್ಕೆ ಕೂಡಿಸಿಕೊಂಡು ಅದನ್ನು ಮೊಬೈಲಿನಲ್ಲಿ ನೋಡಿದೆ. ಸಂಸ್ಥೆ ಕಳಿಸಿದ ಲಿಂಕನ್ನು ಒತ್ತಲಿಲ್ಲ, nabcb.qci.org.in ಎಂದು ನಾವೇ ಟೈಪು ಮಾಡಿ, ಮಾನ್ಯ ಸಂಸ್ಥೆಗಳ ಪಟ್ಟಿಯಲ್ಲಿ ಹುಡುಕಿದೆವು. ಹೆಸರು ಸಿಕ್ಕಿತು. ಹುಡುಗ ಹಿಗ್ಗಿದ. ಆದರೆ ಅದು ಇದ್ದದ್ದು ಆಡಳಿತ ವ್ಯವಸ್ಥೆಗಳನ್ನು ಪ್ರಮಾಣೀಕರಿಸುವವರ ಪಟ್ಟಿಯಲ್ಲಿ, ಅಂದರೆ 17021ರ ಕೆಳಗೆ. ಕಾರ್ಖಾನೆಗಳಿಗೆ ಐಎಸ್‌ಒ 9001 ಕೊಡಲು ಅವರಿಗೆ ಮಾನ್ಯತೆ ಇದೆ. ವ್ಯಕ್ತಿಗಳ ಪಟ್ಟಿಯಲ್ಲಿ, 17024ರ ಕೆಳಗೆ, ಅವರ ಹೆಸರೇ ಇಲ್ಲ. ಲಾಂಛನ ಸುಳ್ಳಲ್ಲ, ಆ ಪತ್ರದ ಮೇಲೆ ಇರಬಾರದಷ್ಟೇ. ಜನ ಜಾಸ್ತಿ ಎಡವುವುದು ಇಲ್ಲೇ. ಹೆಸರು ಕಂಡೊಡನೆ ಪುಟ ಮುಚ್ಚುತ್ತಾರೆ. ಯಾವ ಯೋಜನೆಗೆ, ಯಾವ ವಿಧಾನಕ್ಕೆ ಮಾನ್ಯತೆ ಎಂಬ ವ್ಯಾಪ್ತಿಯ ಹಾಳೆ ತೆರೆದು ಓದಬೇಕು. ಅವಧಿ ಮುಗಿದಿದೆಯೋ, ಅಮಾನತಾಗಿದೆಯೋ ಎಂಬುದನ್ನೂ ನೋಡಬೇಕು.

ಜೂನ್ 17, ಮಂಗಳವಾರ

ಮಳೆ ಚೆನ್ನಾಗಿ ಬಂತು, ತಂಗಿಯ ಹೊಲದಲ್ಲಿ ಸೋಯಾ ಬಿತ್ತನೆ ಶುರು. ಬೀಜದ ರೊಕ್ಕ ಬೀಜಕ್ಕೇ ಹೋಯಿತು.

ಜುಬೈಲಿನಲ್ಲಿ ತಪಾಸಣಾ ಗುತ್ತಿಗೆದಾರರ ಹತ್ತಿರ ಕೆಲಸ ಮಾಡುವ ನನ್ನ ಹಳೆಯ ಜೊತೆಗಾರನಿಗೆ ಬರೆದಿದ್ದೆ, ಉತ್ತರ ಬಂದಿದೆ. ಪತ್ರವನ್ನು ಕೊನೆಗೆ ಒಪ್ಪಬೇಕಾದವರು ಅವರೇ, ಆದ್ದರಿಂದ ಮಾನ್ಯತೆಯ ಪಟ್ಟಿಗಿಂತ ಅವರ ಮಾತಿಗೆ ತೂಕ ಹೆಚ್ಚು. ಅವರ ಕಂಪನಿ ಹೊರಗಿನ ಸಂಸ್ಥೆಯ ‘ಲೆವೆಲ್ 2’ ಪತ್ರವನ್ನು ತರಬೇತಿಯ ದಾಖಲೆಯಾಗಿ ಮಾತ್ರ ನೋಡುತ್ತದೆ. ಪರೀಕ್ಷೆ ತಾವೇ ಮಾಡುತ್ತಾರೆ. ಮೊದಲು ಕೇಳುವುದು ಸಹಿಯಿರುವ ಅನುಭವದ ಲಾಗ್‌ಬುಕ್. ಪಿಸಿಎನ್ ಇದ್ದವರ ನಂಬರನ್ನು ಕೊಟ್ಟ ಸಂಸ್ಥೆಯಲ್ಲೇ ವಿಚಾರಿಸಿ ಖಚಿತ ಮಾಡಿಕೊಳ್ಳುತ್ತಾರೆ.

ಜೂನ್ 22, ಭಾನುವಾರ

ಹುಡುಗ ಹೈದರಾಬಾದಿನ ಒಂದು ತಪಾಸಣಾ ಏಜೆನ್ಸಿಯಲ್ಲಿ ಸಹಾಯಕನಾಗಿ ಸೇರುತ್ತಿದ್ದಾನೆ. ಸಂಬಳ ಕಮ್ಮಿ, ಆದರೆ ಅಲ್ಲಿ ಲೆವೆಲ್ 3 ಇದ್ದಾರೆ, ರಿಟನ್ ಪ್ರಾಕ್ಟೀಸ್ ಇದೆ, ಕೇಳಿದಾಗ ತೆರೆದು ತೋರಿಸಿದರು. ಪಿಟಿ ಮತ್ತು ಎಂಟಿ ತರಬೇತಿ ಅವರೇ ಕೊಡುತ್ತಾರೆ. ಯುಟಿಗೆ ಐಎಸ್‌ಒ 9712ರ ಪರೀಕ್ಷೆ ಕಟ್ಟುವುದು ಗಂಟೆಗಳು ಕೂಡಿದ ಮೇಲೆ. ಆಗ ಪರೀಕ್ಷಾ ಕೇಂದ್ರದ ಹೆಸರು ಬಿಂಟ್‌ನ ಅಧಿಕೃತ ಪಟ್ಟಿಯಲ್ಲಿದೆಯೇ ಎಂದು ನೋಡಿಯೇ ದುಡ್ಡು ಕಟ್ಟಬೇಕೆಂದು ಹೇಳಿದ್ದೇನೆ.

ಇವತ್ತು ಅವನಿಗೊಂದು ದಪ್ಪ ರಿಜಿಸ್ಟರ್ ತಂದುಕೊಟ್ಟು ಗೆರೆ ಹಾಕಿಕೊಟ್ಟೆ: ದಿನಾಂಕ, ವಿಧಾನ, ಯಾವ ಜಾಬ್, ಎಷ್ಟು ಗಂಟೆ, ಮೇಲ್ವಿಚಾರಕರ ಹೆಸರು ಮತ್ತು ಪತ್ರದ ನಂಬರು, ಸಹಿ. ಸಹಿಯನ್ನು ಅವತ್ತಿನದು ಅವತ್ತೇ ಹಾಕಿಸಿಕೊಳ್ಳಬೇಕು. ತಿಂಗಳ ಕೊನೆಗೆ ಒಟ್ಟಿಗೆ ಹಾಕಿಸಿದ ಸಹಿಗಳೆಲ್ಲ ಒಂದೇ ಪೆನ್ನಿನಲ್ಲಿರುತ್ತವೆ, ಪರಿಶೀಲಿಸುವವನ ಕಣ್ಣಿಗೆ ಅದು ಬೀಳುತ್ತದೆ.